ಮೇಲಕ್ಕೆ ಮಾತ್ರ ಹೋಗುವ ಸ್ಟಾಪ್

ಷೇರು ಯಾವಾಗ ಕೊಳ್ಳಬೇಕು ಅಂತ ಹೇಳೋಕೆ ಬೇಕಾದಷ್ಟು ಜನ ಸಿಗ್ತಾರೆ. ಯಾವಾಗ ಮಾರಬೇಕು ಅಂತ ಕೇಳಿ ನೋಡಿ, ಮಾತು ಬದಲಾಗುತ್ತೆ. ಈ ಸೆಮಿಸ್ಟರ್‌ನಲ್ಲಿ ನಾನೂ ನನ್ನ ರೂಮ್‌ಮೇಟೂ ಸೇರಿ ಬರೆದ ಪೈಥಾನ್ ಪ್ರೋಗ್ರಾಂ ಈ ಮಾರುವ ಕೆಲಸವನ್ನಷ್ಟೇ ಮಾಡುತ್ತದೆ. ದುಡ್ಡು ನಿಜದ್ದಲ್ಲ, ಪೇಪರ್ ಅಕೌಂಟ್. ಆದರೆ ಅದರ ಒಂದೇ ಒಂದು ಸಾಲಿನ ಮೇಲೆ ನಮ್ಮಿಬ್ಬರಿಗೂ ವಾರಗಟ್ಟಲೆ ವಾದ ನಡೆದಿದೆ.

ಬೆಲೆ ಏರಿದಂತೆ ಅದರ ಹಿಂದೆಯೇ ಸ್ವಲ್ಪ ದೂರದಲ್ಲಿ ಏರುತ್ತಾ ಬರುವ ಗೆರೆಯೇ ಟ್ರೇಲಿಂಗ್ ಸ್ಟಾಪ್. ಬೆಲೆ ಇಳಿದು ಆ ಗೆರೆ ಮುಟ್ಟಿದರೆ ಮಾರಿಬಿಡಬೇಕು. ಎಷ್ಟು ದೂರದಲ್ಲಿಡಬೇಕು ಅನ್ನೋದೇ ಪ್ರಶ್ನೆ. ಎಲ್ಲದಕ್ಕೂ ಶೇಕಡಾ 5 ಅಂತ ಇಟ್ಟರೆ, ದಿನಕ್ಕೆ ಶೇಕಡಾ 4 ಕುಣಿಯುವ ಷೇರು ಎರಡೇ ದಿನದಲ್ಲಿ ನಮ್ಮನ್ನು ಹೊರಗೆ ಹಾಕುತ್ತದೆ. ಇದಕ್ಕೆ ಎಟಿಆರ್, ಅಂದ್ರೆ ಆವರೇಜ್ ಟ್ರೂ ರೇಂಜ್ ಬಳಸುತ್ತಾರೆ. 1978ರಲ್ಲಿ ವೆಲ್ಸ್ ವೈಲ್ಡರ್ ತಮ್ಮ ಪುಸ್ತಕದಲ್ಲಿ ಕೊಟ್ಟ ಅಳತೆ ಇದು. ಅವರೂ ಮೂಲತಃ ಮೆಕ್ಯಾನಿಕಲ್ ಇಂಜಿನಿಯರ್!

ದಿನದ ಗರಿಷ್ಠದಿಂದ ಕನಿಷ್ಠ ಕಳೆದರೆ ಆ ದಿನದ ಓಡಾಟ ಸಿಗುತ್ತದೆ. ಆದರೆ ನಿನ್ನೆ 107.50ಕ್ಕೆ ಮುಗಿದ ಷೇರು ಇವತ್ತು 103ಕ್ಕೇ ತೆರೆದು, 104 ಮತ್ತು 102ರ ನಡುವೆ ಆಡಿದರೆ? ದಿನದ ಓಡಾಟ ಬರೀ 2 ಡಾಲರ್. ನಿನ್ನೆಯ ಮುಕ್ತಾಯದಿಂದ ಅಳೆದರೆ 5.50. ದೊಡ್ಡದನ್ನು ತಗೋಬೇಕು, ಅದೇ ಟ್ರೂ ರೇಂಜ್. ಹಳೆಯ ಎಟಿಆರ್ ಅನ್ನು 13ರಿಂದ ಗುಣಿಸಿ, ಇವತ್ತಿನದನ್ನು ಕೂಡಿಸಿ, 14ರಿಂದ ಭಾಗಿಸಿದರೆ ಹೊಸ ಎಟಿಆರ್. ಕೊಂಡ ಮೇಲೆ ಮುಟ್ಟಿದ ಅತಿ ಎತ್ತರದ ಬೆಲೆಯಿಂದ ಇದರ ಮೂರರಷ್ಟನ್ನು ಕಳೆದ ಜಾಗದಲ್ಲಿ ನಮ್ಮ ಸ್ಟಾಪ್.

```
if low <= stop:
    exit_price = min(open_, stop)
else:
    hh = max(hh, high)
    stop = max(stop, hh - 3*atr)
```

ಮೊದಲು ಪರೀಕ್ಷೆ, ಆಮೇಲೆ ಸ್ಟಾಪ್ ಬದಲಾವಣೆ. ಇದನ್ನು ತಿರುಗುಮುರುಗು ಮಾಡಿದರೆ ಇವತ್ತಿನ ಎತ್ತರದಿಂದ ಏರಿಸಿದ ಸ್ಟಾಪನ್ನು ಇವತ್ತಿನ ಕನಿಷ್ಠಕ್ಕೇ ಹೋಲಿಸಿದಂತಾಗುತ್ತದೆ. ಎತ್ತರ ಮೊದಲು ಬಂತೋ ಕನಿಷ್ಠ ಮೊದಲು ಬಂತೋ, ದಿನದ ಡೇಟಾ ಹೇಳೋದಿಲ್ಲ.

ಜಗಳ ಇರೋದು ಕೊನೆಯ ಸಾಲಿನ ಹೊರಗಿನ `max` ಮೇಲೆ. 100ಕ್ಕೆ ಕೊಂಡ ಷೇರು 108 ಮುಟ್ಟಿದೆ, ಎಟಿಆರ್ 2.20 ಅನ್ನಿ. ಸ್ಟಾಪ್ 101.40ರಲ್ಲಿದೆ. ಆಗ ಮೇಲೆ ಹೇಳಿದ 103ರ ದಿನ ಬರುತ್ತದೆ. ಎಟಿಆರ್ ಸುಮಾರು 2.44ಕ್ಕೆ ಏರುತ್ತದೆ, `max` ಇಲ್ಲದಿದ್ದರೆ ಸ್ಟಾಪ್ 100.70ರ ಹತ್ತಿರಕ್ಕೆ ಇಳಿಯುತ್ತದೆ. ಬೆಲೆ ಬೀಳುತ್ತಿರುವಾಗಲೇ ಸ್ಟಾಪ್ ಕೂಡ ಹಿಂದೆ ಸರಿಯುತ್ತದೆ. ಮರುದಿನ ಬೆಲೆ 101 ಮುಟ್ಟಿದರೆ, `max` ಇದ್ದವರು 101.40ಕ್ಕೆ ಹೊರಗೆ. ಇಲ್ಲದವರು ಇನ್ನೂ ಒಳಗೆ. ಅದರ ಮಾರನೇ ಬೆಳಿಗ್ಗೆ 98ಕ್ಕೆ ತೆರೆದರೆ ಅವರಿಗೆ ಸಿಗೋದು 98 ಮಾತ್ರ, ಸ್ಟಾಪ್ ಎಲ್ಲೇ ಇರಲಿ. ಕೋಡಿನಲ್ಲಿ `min` ಇರೋದು ಇದಕ್ಕೇ.

"ಲೇ, ಅದೇ ಷೇರು 101ರಿಂದ ಎದ್ದು 110ಕ್ಕೆ ಹೋಗಿದ್ರೆ? ಮಾರ್ಕೆಟ್ ಜಾಸ್ತಿ ಕುಣೀತಿದೆ ಅಂದ್ಮೇಲೆ ಜಾಗ ಜಾಸ್ತಿ ಕೊಡ್ಬೇಕಲ್ವೇನೋ," ಅಂತಾನೆ ಅವನು.

ಹೋಗಬಹುದಿತ್ತು, ನಿಜ. ಆದರೆ ಕೊಳ್ಳುವಾಗ ಲೆಕ್ಕ ಹೇಗೆ ಹಾಕಿದ್ವಿ? ಎಟಿಆರ್ 2 ಇತ್ತು, ಸ್ಟಾಪ್ 94ರಲ್ಲಿ, ಷೇರಿಗೆ 6 ಡಾಲರ್ ಅಪಾಯ. ಹತ್ತು ಸಾವಿರದ ಅಕೌಂಟಿನಲ್ಲಿ 100 ಡಾಲರ್‌ಗಿಂತ ಹೆಚ್ಚು ಕಳೆದುಕೊಳ್ಳಬಾರದು ಅಂತ 16 ಷೇರು ಕೊಂಡೆವು. ಬೆಲೆ ಏರುವ ಮೊದಲೇ ಎಟಿಆರ್ 3 ಆಗಿ ಸ್ಟಾಪ್ 91ಕ್ಕೆ ಜಾರಿದರೆ ಅದೇ 16 ಷೇರಿಗೆ 144 ಡಾಲರ್ ಹೋಗುತ್ತದೆ. ಕುಣಿತ ಜಾಸ್ತಿಯಾದರೆ ಮುಂದಿನ ಸಲ ಕಡಿಮೆ ಷೇರು ಕೊಳ್ಳೋಣ, ಕೊಂಡಾದ ಮೇಲೆ ಗೆರೆ ಇಳಿಸೋದು ಬೇಡ ಅನ್ನೋದು ನನ್ನ ವಾದ.

ಅವನ ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನ ಹತ್ತಿರ ಇಷ್ಟು ಸಲೀಸಾದ ಉತ್ತರವಿಲ್ಲ. ಷೇರು 108ರ ಕೆಳಗೇ ಮೂರು ವಾರ ಸುಮ್ಮನೆ ಮಲಗಿದೆ ಅಂದುಕೊಳ್ಳಿ. ಎಟಿಆರ್ 2.20ರಿಂದ 1.60ಕ್ಕೆ ಇಳಿಯುತ್ತದೆ. ಬೆಲೆ ಒಂದು ಪೈಸೆ ಏರದಿದ್ದರೂ ಸ್ಟಾಪ್ 103.20ಕ್ಕೆ ಹತ್ತಿ ಕೂರುತ್ತದೆ. ಮತ್ತೆ ಕುಣಿತ ಶುರುವಾದಾಗ `max` ಅದನ್ನು ಕೆಳಗೆ ಬಿಡುವುದಿಲ್ಲ, ಒಂದು ಸಾಮಾನ್ಯ ಇಳಿತಕ್ಕೇ ನಾವು ಹೊರಗೆ. ಲಾಗ್ ನೋಡಿದರೆ ಇದು ಗೊತ್ತಾಗುತ್ತದೆ: ಸ್ಟಾಪ್ ಏರಿದ ದಿನಗಳಲ್ಲಿ `hh` ಬದಲಾಗಿಯೇ ಇರುವುದಿಲ್ಲ. ಇದಕ್ಕೆ ಒಂದು ದಾರಿ, ಕೊಂಡ ದಿನದ ಎಟಿಆರ್ ಅನ್ನೇ ಕೊನೆವರೆಗೂ ಇಟ್ಟುಕೊಳ್ಳೋದು. ಆಗ ಹೊಸ ಎತ್ತರ ಬಂದರೆ ಮಾತ್ರ ಸ್ಟಾಪ್ ಏರುತ್ತದೆ. ಆದರೆ ತಿಂಗಳುಗಟ್ಟಲೆ ಇಟ್ಟುಕೊಂಡ ಷೇರಿಗೆ ಅದು ಹಳಸಿದ ಅಳತೆ.

ಸದ್ಯಕ್ಕೆ ಎರಡು ಪೇಪರ್ ಅಕೌಂಟ್ ಓಡುತ್ತಿವೆ. ಎರಡರಲ್ಲೂ `max` ಇದೆ, ಅಷ್ಟಕ್ಕೆ ಅವನು ಒಪ್ಪಿದ್ದಾನೆ. ಅವನದರಲ್ಲಿ ಎಟಿಆರ್ ಕೊಂಡ ದಿನದ್ದು, ನನ್ನದರಲ್ಲಿ ದಿನಾ ಹೊಸದು.