ಒಲವು ಬದಲಾಗುವುದು ಬೇರೆ, ಬದಲಾಯಿಸುವುದು ಬೇರೆ

ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದು ಹುಟ್ಟಿನಿಂದ ಸಾಯುವ ತನಕ ಒಂದೇ ಥರ ಇರುತ್ತದಾ, ಇಲ್ಲಾ ನಡುವೆ ಬದಲಾಗುತ್ತದಾ? ನನಗೆ ಇದು ಪುಸ್ತಕದಿಂದ ಬಂದ ಪ್ರಶ್ನೆಯಲ್ಲ. ಇದನ್ನು ಕೇಳಿದವಳು ನನ್ನ ಗೆಳತಿ. ಪಕ್ಕದ ತಾಲ್ಲೂಕಿನವಳು, ಪಿಯುಸಿಯಲ್ಲಿ ನನ್ನ ಜೊತೆ ಓದಿದವಳು. ಅವಳಿಗೆ ಹೆಣ್ಣುಮಕ್ಕಳ ಮೇಲೆ ಒಲವು. ಇಪ್ಪತ್ತಾರನೇ ವಯಸ್ಸಿಗೆ ಮನೆಯಲ್ಲಿ ಅದನ್ನು ಹೇಳಿದಳು.

ಅಮ್ಮ ಅತ್ತರು, ಅಪ್ಪ ಮಾತು ಬಿಟ್ಟರು. ಓದಿಕೊಂಡವರಾದ ಚಿಕ್ಕಪ್ಪ ಮಾತ್ರ ಫೋನಿನಲ್ಲಿ ಏನೋ ಹುಡುಕಿ ತಂದು ತೋರಿಸಿದರು. "ನೋಡಮ್ಮ, ಅಮೆರಿಕಾದ ವಿಜ್ಞಾನಿಗಳೇ ಹೇಳವ್ರೆ, ಇದು ಬದಲಾಗುತ್ತೆ ಅಂತ. ಮದುವೆ ಆಗು, ಎಲ್ಲಾ ಸರಿಹೋಗುತ್ತೆ" ಅಂದರು. ಅವರು ತೋರಿಸಿದ್ದರಲ್ಲಿ 'ಫ್ಲೂಯಿಡಿಟಿ' ಅನ್ನುವ ಪದವಿತ್ತು. ನೀರಿನಂತೆ ಹರಿಯುವ ಗುಣ ಅಂತ ಅರ್ಥ. ಅವಳು ಅದನ್ನು ನನಗೆ ಕಳಿಸಿ, "ಇದು ನಿಜಾನಾ? ನಾಳೆ ನಾನು ಬದಲಾದ್ರೆ ಇವತ್ತು ಮನೇಲಿ ಹೇಳಿದ್ದು ಸುಳ್ಳಾಗುತ್ತಾ?" ಅಂತ ಕೇಳಿದಳು.

ಚಿಕ್ಕಪ್ಪ ಹೇಳಿದ ಸಂಶೋಧನೆ ನಿಜವಾಗಿಯೂ ಇದೆ. ಮಾಡಿದವರು ಲೀಸಾ ಡೈಮಂಡ್ ಎಂಬ ಅಮೆರಿಕಾದ ಮನಶ್ಶಾಸ್ತ್ರಜ್ಞೆ. 1990ರ ದಶಕದ ಮಧ್ಯದಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ ಶುರು ಮಾಡಿದರು. ಮುಂದೆ ಯೂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾ ಮುಂದುವರಿಸಿ, 2008ರಲ್ಲಿ ಪುಸ್ತಕವಾಗಿ ತಂದರು. ಅವರು ಮಾತಾಡಿಸಿದ್ದು ಇಪ್ಪತ್ತರ ಆಸುಪಾಸಿನ ಯುವತಿಯರನ್ನು. ಕೆಲವರು ತಮ್ಮನ್ನು ಲೆಸ್ಬಿಯನ್ ಅಂದುಕೊಂಡಿದ್ದರು, ಅಂದರೆ ಒಲವು ಹೆಂಗಸರ ಮೇಲೆ. ಕೆಲವರು ಬೈಸೆಕ್ಷುಯಲ್, ಅಂದರೆ ಹೆಣ್ಣು ಗಂಡು ಇಬ್ಬರ ಮೇಲೂ. ಇನ್ನು ಕೆಲವರು ಯಾವ ಹೆಸರೂ ಬೇಡ ಅಂದವರು. ಇವರಲ್ಲಿ 79 ಮಂದಿಯನ್ನು ಹತ್ತು ವರ್ಷ ಬಿಡದೆ ಹಿಂಬಾಲಿಸಿ, ಒಟ್ಟು ಐದು ಸಲ ಮಾತಾಡಿಸಿದರು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಒಂದು ಸಲವಾದರೂ ಬದಲಿಸಿದ್ದರು. ಚಿಕ್ಕಪ್ಪ ಓದಿದ್ದು ಇಷ್ಟನ್ನೇ. ಆದರೆ ವಿಷಯ ಇರುವುದು ಇದರ ಮುಂದೆ.

ಡೈಮಂಡ್ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಕೇಳುತ್ತಿದ್ದರು. ಮನಸ್ಸು ಯಾರ ಕಡೆ ಎಳೆಯುತ್ತದೆ ಅನ್ನುವುದು ಒಂದು. ಯಾರ ಜೊತೆ ಸಂಬಂಧದಲ್ಲಿದ್ದೀರಿ ಅನ್ನುವುದು ಇನ್ನೊಂದು. ನಿಮ್ಮನ್ನು ನೀವು ಏನಂತ ಕರೆದುಕೊಳ್ಳುತ್ತೀರಿ ಅನ್ನುವುದು ಮೂರನೆಯದು. ನಾವು ಮೂರನ್ನೂ ಒಂದೇ ಗಂಟು ಕಟ್ಟಿ ಮಾತಾಡುತ್ತೇವೆ. ನಿಜ ಜೀವನದಲ್ಲಿ ಇವು ಒಟ್ಟಿಗೇ ಹೆಜ್ಜೆ ಹಾಕುವುದಿಲ್ಲ.

ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಅವಳ ಮನಸ್ಸು ಹತ್ತರಲ್ಲಿ ಎಂಟು ಸಲ ಹೆಂಗಸರ ಕಡೆಗೇ ಹೋಗುತ್ತದೆ. ತನ್ನನ್ನು ಲೆಸ್ಬಿಯನ್ ಅಂದುಕೊಂಡಿದ್ದಾಳೆ. ಜೊತೆಗೆ ಕೆಲಸ ಮಾಡುವ ಒಬ್ಬ ಗಂಡಸಿನ ಜೊತೆ ವರ್ಷಗಟ್ಟಲೆ ಸ್ನೇಹ ಬೆಳೆದು, ಅದು ಪ್ರೀತಿಯಾಗುತ್ತದೆ. ಈಗ ಅವಳು ಲೆಸ್ಬಿಯನ್ ಅನ್ನುವ ಹೆಸರು ಬಿಡುತ್ತಾಳೆ. ಹೆಸರು ಬದಲಾಯಿತು, ಸಂಬಂಧವೂ ಬದಲಾಯಿತು. ಆದರೆ ಅವಳ ಒಲವನ್ನು ಕೇಳಿ ನೋಡಿದರೆ ಎಂಟು ಇದ್ದದ್ದು ಏಳಾಗಿರಬಹುದು, ಸೊನ್ನೆ ಆಗಿರುವುದಿಲ್ಲ. ಆ ಒಬ್ಬನನ್ನು ಬಿಟ್ಟರೆ ಬೇರೆ ಗಂಡಸರು ಅವಳನ್ನು ಈಗಲೂ ಸೆಳೆಯದೆ ಇರಬಹುದು. ಇದು ನಾನು ಬಿಡಿಸಿ ಹೇಳಲು ಕಟ್ಟಿದ ಉದಾಹರಣೆ. ಡೈಮಂಡ್ ಕಂಡದ್ದೂ ಇದೇ ಜಾತಿಯದು: ಹೆಸರುಗಳು ತುಂಬ ಬದಲಾದವು, ಒಲವು ಒಟ್ಟಾರೆ ಅಷ್ಟು ಕದಲಲಿಲ್ಲ.

ಸಂಶೋಧಕರು ಫ್ಲೂಯಿಡಿಟಿ ಅನ್ನುವುದು ಇದನ್ನೇ. ಪ್ರತಿಯೊಬ್ಬರಿಗೂ ಒಂದು ಮೂಲ ಒಲವಿರುತ್ತದೆ. ಅದರ ಜೊತೆಗೆ, ಕೆಲವರಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಗೋ ಒಂದು ಸಂದರ್ಭಕ್ಕೋ ಮನಸ್ಸು ಆ ಮೂಲ ಒಲವಿನ ಆಚೆಗೂ ಸ್ಪಂದಿಸುತ್ತದೆ. ಈ ಗುಣ ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೂಲ ಒಲವು ಅಳಿಸಿಹೋಗಿ ಹೊಸದು ಬಂತು ಅಂತ ಇದರ ಅರ್ಥವಲ್ಲ.

"ಬೈಸೆಕ್ಷುಯಲ್ ಅಂದ್ರೆ ಅದೊಂದು ಹಂತ ಅಷ್ಟೇ, ಆಮೇಲೆ ದಾರಿಗೆ ಬರ್ತಾರೆ" ಅನ್ನುವವರಿದ್ದಾರೆ. ಆ ಹತ್ತು ವರ್ಷದಲ್ಲಿ, ಬೈಸೆಕ್ಷುಯಲ್ ಅಥವಾ ಹೆಸರು ಬೇಡ ಅನ್ನುತ್ತಿದ್ದು, ನಡುವೆ "ನನ್ನ ಒಲವು ಗಂಡಸರ ಮೇಲೆ ಮಾತ್ರ" ಎಂದು ಬದಲಾದವರು ನೂರಕ್ಕೆ 17ರಷ್ಟು ಇದ್ದರು. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಅಧ್ಯಯನ ಮುಗಿಯುವಷ್ಟರಲ್ಲಿ ಹಿಂದಿನ ಮಾತಿಗೇ ಮರಳಿದ್ದರು.

ಈ ಅಧ್ಯಯನಕ್ಕೂ ಮಿತಿಯಿದೆ. 79 ದೊಡ್ಡ ಸಂಖ್ಯೆಯಲ್ಲ. ಎಲ್ಲರೂ ಅಮೆರಿಕಾದವರು, ಹೆಚ್ಚಿನವರು ಬಿಳಿಯರು, ಕಾಲೇಜು ಕಂಡವರು. ಹೆಂಗಸರನ್ನೇ ಪ್ರೀತಿಸುವ, ಇಲ್ಲವೇ ಇಬ್ಬರನ್ನೂ ಪ್ರೀತಿಸುವ ಹೆಂಗಸರನ್ನು ಹುಡುಕಿ ಕೇಳಿದ್ದು. ಹಾಗಾಗಿ ಇದನ್ನು ಎಲ್ಲರ ಮೇಲೂ ಹೊದಿಸಲಾಗದು. ಅಮೆರಿಕಾದಲ್ಲೇ 2,560 ವಯಸ್ಕರನ್ನು ಹತ್ತು ವರ್ಷದ ಅಂತರದಲ್ಲಿ ಕೇಳಿದ ಇನ್ನೊಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ತಮ್ಮ ಗುರುತು ಬದಲಾಯಿತು ಅಂದವರು ನೂರಕ್ಕೆ ಸುಮಾರು ಇಬ್ಬರು ಮಾತ್ರ. ಬಹುತೇಕರಿಗೆ ಮೊದಲಿದ್ದದ್ದೇ ಉಳಿಯುತ್ತದೆ, ಕೆಲವರಿಗೆ ಸರಿಯುತ್ತದೆ. ಎರಡೂ ನಿಜ.

ಚಿಕ್ಕಪ್ಪನ ಲೆಕ್ಕ ತಪ್ಪುವುದು ಇನ್ನೊಂದು ಕಡೆ. ಬದಲಾಗುತ್ತದೆ ಅಂದ ಕೂಡಲೇ ಬದಲಾಯಿಸಬಹುದು ಅಂತ ಅವರು ಅರ್ಥ ಮಾಡಿಕೊಂಡರು. ಮುಂಗಾರು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ನಿಜ. ಹಾಗಂತ ನಾವು ಕರೆದ ದಿನ ಬರುತ್ತದಾ? ಡೈಮಂಡ್ ಮಾತಾಡಿಸಿದ ಹೆಂಗಸರಲ್ಲಿ ಆದ ಬದಲಾವಣೆಗೆ ಯಾರ ಒತ್ತಾಯವೂ ಇರಲಿಲ್ಲ. ಎಷ್ಟೋ ಜನರಿಗೆ ಅದು ತಾವೇ ನಿರೀಕ್ಷಿಸದೆ ಬಂದದ್ದು. ಅವರ ಸಂಶೋಧನೆಯನ್ನು 'ಸರಿಮಾಡುವ ಚಿಕಿತ್ಸೆ'ಗೆ ಸಾಕ್ಷಿಯಾಗಿ ಬಳಸಿದವರು ಅಲ್ಲಿಯೂ ಇದ್ದರು. ಡೈಮಂಡ್ ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಅಮೆರಿಕಾದ ಮನಶ್ಶಾಸ್ತ್ರಜ್ಞರ ಸಂಘದ ತಂಡವೊಂದು ಅಂಥ ಚಿಕಿತ್ಸೆಗಳ ಅಧ್ಯಯನಗಳನ್ನೆಲ್ಲ ತೂಗಿ, 2009ರಲ್ಲಿ ವರದಿ ಕೊಟ್ಟಿತು. ಇವುಗಳಿಂದ ಒಲವು ಬದಲಾಗುವ ಸಾಧ್ಯತೆ ಕಡಿಮೆ, ಕೆಡುಕಾಗುವ ಅಪಾಯವಿದೆ ಅನ್ನುವುದು ಅದರ ತೀರ್ಮಾನ.

ಗೆಳತಿಯನ್ನೂ ಮನೆಯವರು ಪಟ್ಟಣದ ಒಬ್ಬ ಆಪ್ತ ಸಲಹೆಗಾರರ ಹತ್ತಿರ ಕರೆದೊಯ್ದಿದ್ದರು. ಆರು ಸಲ ಬಂದರೆ ಸರಿಮಾಡುತ್ತೇನೆ ಅಂದರಂತೆ. ಎರಡು ಸಲಕ್ಕೇ ಅವಳಿಗೆ ನಿದ್ದೆ ಹೋಯಿತು, ಊಟ ಸೇರದಾಯಿತು. ಒಲವು ಮಾತ್ರ ಹಾಗೇ ಇತ್ತು. ನಮ್ಮ ದೇಶದಲ್ಲಿ ವೈದ್ಯರು ಇಂಥ ಚಿಕಿತ್ಸೆ ಕೊಟ್ಟರೆ ಅದು ವೃತ್ತಿಯ ದುರ್ನಡತೆ. ಮದ್ರಾಸ್ ಹೈಕೋರ್ಟಿನ ಆದೇಶದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹಾಗೆ ಘೋಷಿಸಿದೆ. ಯಾರಾದರೂ ಡಾಕ್ಟರು "ಸರಿಮಾಡ್ತೀನಿ" ಅಂದರೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಇನ್ನು ಅವಳು ಕೇಳಿದ ಪ್ರಶ್ನೆ. ನಾಳೆ ಬದಲಾದರೆ ಇವತ್ತಿನದು ಸುಳ್ಳಾಗುತ್ತದಾ? ಆ ಅಧ್ಯಯನ ಓದಿದ ಮೇಲೆ ನಾನು ಅವಳಿಗೆ ಇಷ್ಟು ಬರೆದೆ: "ಇಲ್ಲ ಕಣೇ. ಇಪ್ಪತ್ತರಲ್ಲಿ ಒಂದು ಹೆಸರು ಹೇಳಿ ಮೂವತ್ತರಲ್ಲಿ ಇನ್ನೊಂದು ಹೇಳಿದ ಆ ಹೆಂಗಸರು ಎರಡು ಸಲವೂ ನಿಜಾನೇ ಹೇಳಿದ್ರು. ನೀನು ಬದಲಾಗದೇ ಇರಬಹುದು, ಬದಲಾಗಲೂಬಹುದು. ಅದು ನಿಂಗೂ ಗೊತ್ತಿಲ್ಲ, ಚಿಕ್ಕಪ್ಪಂಗೂ ಗೊತ್ತಿಲ್ಲ. ಗೊತ್ತಿಲ್ಲದ ನಾಳೆ ನಂಬ್ಕೊಂಡು ಇವತ್ತು ತಾಳಿ ಕಟ್ಟಿಸ್ಕೋಬೇಡ. ಆ ಕಡೆ ಕೂತಿರೋ ಹುಡುಗಂದೂ ಒಂದು ಬಾಳು."

ಆ ಕೊನೆಯ ಸಾಲನ್ನು ಅವಳು ಚಿಕ್ಕಪ್ಪನಿಗೆ ಓದಿ ಹೇಳಿದಳಂತೆ. ಅವರು ಒಪ್ಪಲಿಲ್ಲ. ಆದರೆ ಆ ಭಾನುವಾರ ಬರಬೇಕಿದ್ದ ಗಂಡಿನ ಕಡೆಯವರಿಗೆ ಸದ್ಯಕ್ಕೆ ಬೇಡ ಅಂತ ಫೋನು ಮಾಡಿದವರೂ ಅವರೇ.