ಔಷಧದ ತ್ರೈರಾಶಿಕ

ಏಳನೆಯ ತರಗತಿಗೆ ತ್ರೈರಾಶಿಕವನ್ನು ಕಲಿಸುತ್ತ ನನಗೆ ಹತ್ತು ವರ್ಷಗಳು ಕಳೆದಿವೆ. ಇಂಡಿ ತಾಲೂಕಿನ ನಮ್ಮೂರ ಶಾಲೆಯಲ್ಲಿ ನನ್ನ ಗುರುಗಳು ಬಾಯಿಪಾಠ ಮಾಡಿಸಿದ ಸೂತ್ರವನ್ನೇ ನಾನು ಮುಂಬಯಿಯ ಮಕ್ಕಳಿಗೂ ಹೇಳಿಕೊಡುತ್ತ ಬಂದಿದ್ದೇನೆ: ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ಇಷ್ಟು ಮಾವಿನ ಹಣ್ಣಿಗೆ ಇಷ್ಟು ಬೆಲೆಯಾದರೆ ಅಷ್ಟಕ್ಕೆ ಎಷ್ಟು, ಎಂಬ ಲೆಕ್ಕಗಳಿಂದ ಕಪ್ಪು ಹಲಗೆಯನ್ನು ಎಷ್ಟು ಸಲ ತುಂಬಿ ಅಳಿಸಿದೆನೋ ನೆನಪಿಲ್ಲ. ಇಂತಹ ನಾನೇ ಒಂದು ನಸುಕಿನಲ್ಲಿ ನನ್ನ ಮಗಳಿಗೆ ಇಮ್ಮಡಿಗಿಂತ ಹೆಚ್ಚು ಔಷಧವನ್ನು ಕುಡಿಸಿದೆನೆಂದರೆ ವಾಚಕರು ನಗಬಹುದು. ಆ ದಿನ ನನಗೆ ನಗು ಬರಲಿಲ್ಲ.

೨೦೨೩ರ ಮಳೆಗಾಲ. ಮಗಳಿಗೆ ಆಗ ಮೂರು ವರ್ಷ. ಜ್ವರ ಬಂದಿತೆಂದು ಎತ್ತಿಕೊಂಡು ಹೋದಾಗ ವೈದ್ಯರು ಮೊದಲು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ೧೨ ಕಿಲೋ ಬಂದಿತು. ಕಿಲೋ ಒಂದಕ್ಕೆ ೧೫ ಮಿಲಿಗ್ರಾಂ ಎಂದು ಲೆಕ್ಕ ಹಿಡಿದು, "ಪ್ಯಾರಸಿಟಮಾಲ್ ೧೮೦ ಮಿ.ಗ್ರಾಂ., ಜ್ವರವಿದ್ದರೆ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕೆ ಮೀರದಂತೆ" ಎಂದು ಚೀಟಿ ಬರೆದರು. ಚೀಟಿಯಲ್ಲಿದ್ದುದು ಮಿಲಿಗ್ರಾಂ, ಅಂದರೆ ಔಷಧದ ತೂಕ. ಬಾಟಲಿಯಿಂದ ನಾವು ಸುರಿಯುವುದು ಮಿಲಿಲೀಟರ್, ಅಂದರೆ ದ್ರವದ ಅಳತೆ. ಇವೆರಡನ್ನೂ ಕೂಡಿಸುವ ಮಾತು ಬಾಟಲಿಯ ಮೈಮೇಲೆ ಇರುತ್ತದೆ. ನಮ್ಮ ಮನೆಯ ಬಾಟಲಿಯ ಮೇಲೆ, "ಪ್ರತಿ ೫ ಮಿ.ಲೀ.ಯಲ್ಲಿ ಪ್ಯಾರಸಿಟಮಾಲ್ ೧೨೦ ಮಿ.ಗ್ರಾಂ." ಎಂಬರ್ಥದ ಇಂಗ್ಲಿಷ್ ಸಾಲು ಇದ್ದಿತು.

ಇದು ಶುದ್ಧ ತ್ರೈರಾಶಿಕವೇ. ೧೨೦ ಮಿ.ಗ್ರಾಂ. ಪ್ರಮಾಣ, ೫ ಮಿ.ಲೀ. ಫಲ, ೧೮೦ ಮಿ.ಗ್ರಾಂ. ಇಚ್ಛೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕೆಂಬ ನಿಯಮವೂ ಇಲ್ಲಿ ಸರಿಹೊಂದುತ್ತದೆ. ೧೮೦ನ್ನು ೫ರಿಂದ ಗುಣಿಸಿದರೆ ೯೦೦; ಅದನ್ನು ೧೨೦ರಿಂದ ಭಾಗಿಸಿದರೆ ಏಳೂವರೆ. ಬಾಟಲಿಯೊಡನೆ ಬಂದ ಪುಟ್ಟ ಬಟ್ಟಲಿನಲ್ಲಿ ೭.೫ರ ಗೆರೆಯೂ ಇದ್ದಿತು. ನಾನು ಪತ್ನಿಗೆ ಆ ಗೆರೆಯನ್ನು ತೋರಿಸಿ, "ಇಲ್ಲಿಯವರೆಗೆ" ಎಂದೆನು. ನನ್ನ ತಪ್ಪು ಆ ಮಾತಿನಲ್ಲಿಯೇ ಮೊಳೆಯಿತೆಂದು ಈಗ ತೋರುತ್ತದೆ. ಲೆಕ್ಕ ಮರೆತುಹೋಗಿ ಗೆರೆಯೊಂದೇ ಮನಸ್ಸಿನಲ್ಲಿ ಉಳಿಯಿತು.

ಮರುದಿನ ಸಂಜೆ ಬಾಟಲಿ ಉರುಳಿ ಔಷಧವೆಲ್ಲ ಚೆಲ್ಲಿಹೋಯಿತು. ಮಳೆಯಲ್ಲಿ ನೆನೆಯುತ್ತ ನಾನೇ ಓಡಿ ಹೋಗಿ, ಚೀಟಿಯನ್ನು ತೋರಿಸದೆ, ಹೆಸರನ್ನಷ್ಟೇ ಹೇಳಿ ಇನ್ನೊಂದನ್ನು ತಂದೆನು. ಅದೇ ಹೆಸರು, ಅದೇ ಬಣ್ಣದ ಪೆಟ್ಟಿಗೆ. ನಸುಕಿನ ನಾಲ್ಕು ಗಂಟೆಗೆ ಮೈ ಮತ್ತೆ ಕಾದಾಗ, ನಿದ್ದೆಗಣ್ಣಿನಲ್ಲಿ ಬಾಟಲಿಯನ್ನು ಕುಲುಕಿ, ಏಳೂವರೆಯ ಗೆರೆಯವರೆಗೆ ಸುರಿದು ಕುಡಿಸಿದೆನು. ಅವಳು ಬೆವತು ಸುಖವಾಗಿ ಮಲಗಿದಳು. ಬೆಳಗಾದ ಮೇಲೆ ಬಟ್ಟಲು ತೊಳೆಯುತ್ತಿದ್ದಾಗ ಪೆಟ್ಟಿಗೆಯ ಮೇಲಿನ ಅಂಕಿ ಕಣ್ಣಿಗೆ ಬಿದ್ದಿತು: ೫ ಮಿ.ಲೀ.ಯಲ್ಲಿ ೨೫೦. ಒಂದು ಮಿ.ಲೀ.ಗೆ ೫೦ರಂತೆ ಏಳೂವರೆಗೆ ೩೭೫ ಮಿ.ಗ್ರಾಂ. ನಿಂತಲ್ಲೇ ನನ್ನ ಕೈಕಾಲು ತಣ್ಣಗಾದುವು.

ವೈದ್ಯರಿಗೆ ಫೋನು ಮಾಡಿದೆನು. ಅವರು ಗದರಲಿಲ್ಲ. "ಮಾಸ್ತರರೇ, ಮೊದಲು ಅಂಕಿ ಹೇಳಿ" ಎಂದರು. ಬಾಟಲಿಯ ಮೇಲೆ ಎಷ್ಟಿದೆ, ಕುಡಿಸಿದ್ದೆಷ್ಟು, ಯಾವಾಗ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಇನ್ನೆಷ್ಟು ಸಲ, ಇಷ್ಟೇ ಅವರು ಕೇಳಿದ್ದು. ೧೮೦ರಂತೆ ಎರಡು ಸಲ ಕೊಟ್ಟಿದ್ದೆವು; ಇದೂ ಸೇರಿ ಒಟ್ಟು ೭೩೫. ದಿನಕ್ಕೆ ನಾಲ್ಕು ಸಲದಂತೆ ಅವರು ಹಾಕಿದ್ದ ಮಿತಿ ೭೨೦. "ಈ ಒಂದು ಸಲದಿಂದ ಭಯವಿಲ್ಲ. ಸಂಜೆಯವರೆಗೆ ಮತ್ತೆ ಕೊಡಬೇಡಿ. ವಾಂತಿಯಾದರೆ ಕರೆದುತನ್ನಿ" ಎಂದರು. ಅನಂತರ ಅವರು ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಾನು ಅಂಕಿಯನ್ನು ನೋಡದೆ ಹೋಗಿದ್ದರೆ ದಿನಕ್ಕೆ ನಾಲ್ಕು ಸಲದಂತೆ ೧೫೦೦ ಮಿ.ಗ್ರಾಂ. ಆಗುತ್ತಿತ್ತು. ಹಾಗೆ ಎರಡು ಮೂರು ದಿನ ನಡೆದರೆ ಯಕೃತ್ತಿಗೆ ಧಕ್ಕೆಯಾಗಬಹುದು. ಆದರೆ ಮೊದಲ ದಿನ ಮಗುವಿನ ಮುಖದಲ್ಲಿ ಏನೂ ಕಾಣದೆ ಇರಬಹುದು. ಜ್ವರ ಇಳಿದು ಮಗು ನಿದ್ರಿಸಿತೆಂದು ತಂದೆ ತಾಯಿಗಳು ಸಂತೋಷಪಡುತ್ತಲೇ ಇರುತ್ತಾರೆ. ನಾನೂ ಹಾಗೆಯೇ ಸಂತೋಷಪಟ್ಟು ಮಲಗಿದ್ದೆನಷ್ಟೆ!

ಹೊಸ ಬಾಟಲಿಗೆ ಅಂದೇ ಹೊಸ ಲೆಕ್ಕ ಮಾಡಿದೆನು. ಇಚ್ಛೆಯೂ ಫಲವೂ ಹಳೆಯವೇ, ಪ್ರಮಾಣವೊಂದೇ ಬದಲಾದದ್ದು: ೯೦೦ನ್ನು ೨೫೦ರಿಂದ ಭಾಗಿಸಿದರೆ ೩.೬ ಮಿ.ಲೀ. ಬಟ್ಟಲಿನಲ್ಲಿ ಅಂತಹ ಗೆರೆಯಿಲ್ಲ. ಅಡಿಗೆಮನೆಯ ಚಮಚಗಳನ್ನು ನಂಬುವಂತಿಲ್ಲ; ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಸೂಜಿಯಿಲ್ಲದ ೫ ಮಿ.ಲೀ. ಸಿರಿಂಜನ್ನು ತಂದೆನು. ಅದರಲ್ಲಿ ಎರಡು ದಶಾಂಶಕ್ಕೊಂದು ಗೆರೆ. ಮೂರರ ಮೇಲಿನ ಮೂರನೆಯ ಗೆರೆಯೇ ೩.೬.

ಕಾಗದ ಪೆನ್ಸಿಲು ಹಿಡಿಯುವ ಮೊದಲೇ ತಪ್ಪನ್ನು ಹಿಡಿಯುವ ಒಂದು ಉಪಾಯವೂ ಆಗ ಹೊಳೆಯಿತು. ಚೀಟಿಯ ಅಂಕಿ ಬಾಟಲಿಯ ಅಂಕಿಗಿಂತ ದೊಡ್ಡದಾದರೆ ಉತ್ತರವು ೫ ಮಿ.ಲೀ.ಗಿಂತ ಹೆಚ್ಚು ಬರಲೇಬೇಕು. ಚಿಕ್ಕದಾದರೆ ಕಡಿಮೆ ಬರಲೇಬೇಕು. ೧೮೦ ಎಂಬುದು ೧೨೦ಕ್ಕಿಂತ ದೊಡ್ಡದು, ೨೫೦ಕ್ಕಿಂತ ಚಿಕ್ಕದು. ಆ ನಸುಕಿನಲ್ಲಿ ಇಷ್ಟನ್ನು ನೋಡಿದ್ದರೂ ಬಟ್ಟಲು ಏಳೂವರೆಗೆ ಏರುತ್ತಿರಲಿಲ್ಲ.

ಮರುವಾರ ಮಾವಿನ ಹಣ್ಣನ್ನು ಬಿಟ್ಟು ಈ ಲೆಕ್ಕವನ್ನೇ ತರಗತಿಯಲ್ಲಿ ಬರೆದೆನು. ಯಾರ ಮನೆಯದೆಂದು ಹೇಳಲಿಲ್ಲ. ಮಕ್ಕಳು ಬೇಗನೆ ಬಿಡಿಸಿದರು. ಎರಡು ದಿನಗಳ ಅನಂತರ ಹಿಂದಿನ ಬೆಂಚಿನ ಒಬ್ಬ ಹುಡುಗಿ ಚೀಲದಿಂದ ಒಂದು ಪುಟ್ಟ ಬಾಟಲಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ತಂದೆ ತಾಯಿಗಳಿಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಎಂಟು ಕಿಲೋ ತೂಕದ ತಮ್ಮನಿಗೆ ಸಂಜೆ ಔಷಧ ಕುಡಿಸುವವಳು ಇವಳೇ. ವೈದ್ಯರು ಬರೆದದ್ದು ೧೨೦ ಮಿ.ಗ್ರಾಂ.; ಬಾಟಲಿಯ ಮೇಲೆ ೧೦೦ ಎಂದಿತ್ತು. ಅವಳು ನೋಟುಬುಕ್ಕಿನಲ್ಲಿ ೧೨೦ನ್ನು ೫ರಿಂದ ಗುಣಿಸಿ, ೧೦೦ರಿಂದ ಭಾಗಿಸಿ, ೬ ಮಿ.ಲೀ. ಎಂದು ಅಂದವಾಗಿ ಬರೆದುಕೊಂಡು ಬಂದಿದ್ದಳು.

"ಹೆಚ್ಚೋ ಕಡಿಮೆಯೋ ನೋಡಿದೆಯಾ?" ಎಂದೆನು.

"ನೋಡಿದೆ ಗುರುಗಳೇ. ನೂರಕ್ಕಿಂತ ನೂರಿಪ್ಪತ್ತು ದೊಡ್ಡದು, ಐದಕ್ಕಿಂತ ಆರು ದೊಡ್ಡದು. ಆದರೆ ಈ ಪಿಚಕಾರಿ ತುಂಬಿದರೆ ಒಂದೇ ಮಿ.ಲೀ. ಆರು ಸಲ ತುಂಬಿ ಕುಡಿಸಬೇಕೇ? ಅದಕ್ಕೇ ಕೇಳೋಣವೆಂದು ತಂದೆ."

ನಾನು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆನು. ಅದು ಸಿರಪ್ ಅಲ್ಲ, ಹನಿ ಔಷಧ. ೧೦೦ ಮಿ.ಗ್ರಾಂ. ಎಂಬುದು ೫ ಮಿ.ಲೀ.ಗೆ ಅಲ್ಲ, ೧ ಮಿ.ಲೀ.ಗೆ. ಎಳೆಯ ಮಕ್ಕಳಿಗೆ ಕೊಂಚದರಲ್ಲಿ ಕುಡಿಸುವುದಕ್ಕಾಗಿ ಅದನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಆರು ಮಿ.ಲೀ. ಕುಡಿಸಿದ್ದರೆ ಆ ಕೂಸಿಗೆ ೬೦೦ ಮಿ.ಗ್ರಾಂ. ಹೋಗುತ್ತಿತ್ತು, ಬರೆದುದರ ಐದು ಪಟ್ಟು. ಹಲಗೆಯ ಮೇಲೆ ಐದನ್ನೇ ಬರೆದು ಬರೆದು, ಫಲವೆಂದರೆ ಐದು ಎಂದು ಅವಳ ಕೈಗೆ ಅಭ್ಯಾಸ ಮಾಡಿಸಿದವನು ನಾನೇ. ಹೆಚ್ಚು-ಕಡಿಮೆಯ ನನ್ನ ಉಪಾಯವೂ ಇಲ್ಲಿ ಕೈಕೊಟ್ಟಿತ್ತು; ಅದೂ ಐದನ್ನೇ ನೆಚ್ಚಿ ನಿಂತದ್ದು. ಅವಳನ್ನು ತಡೆದದ್ದು ಪಿಚಕಾರಿಯ ಗಾತ್ರ.

"ಈ ಸಾಲಿನ ಕೊನೆಯನ್ನು ಓದು" ಎಂದೆನು. ಅವಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಆಮೇಲೆ ನೋಟುಬುಕ್ಕಿನ ಐದನ್ನು ಹೊಡೆದುಹಾಕಿ ಒಂದನ್ನು ಬರೆದಳು, ಉತ್ತರ ೧.೨ ಬಂದಿತು. ಪಿಚಕಾರಿ ಒಂದು ಸಲ ತುಂಬಿ, ಮೇಲೆ ಎರಡು ದಶಾಂಶ. ನಾನು ಒಂದು ಚೀಟಿಯನ್ನು ಕತ್ತರಿಸಿ ಕೊಟ್ಟೆನು. ಅವಳು ಅದರ ಮೇಲೆ ಕನ್ನಡದಲ್ಲಿ "೧ ಮಿ.ಲೀ.ಗೆ ೧೦೦. ತಮ್ಮನಿಗೆ ೧.೨" ಎಂದು ಬರೆದು, ಅಂಟಿನಿಂದ ಬಾಟಲಿಗೆ ಹಚ್ಚಿ, ಅಂಟು ಒಣಗುವವರೆಗೆ ಗಂಟೆ ಬಾರಿಸಿದರೂ ಅಲ್ಲಿಯೇ ನಿಂತಿದ್ದಳು.