ಗಾಂಧಿ ಬಜಾರಿನ ಅಂಗಡಿಗೆ ಎಷ್ಟು ಅಂಕಿ?

ಶಿವಮೊಗ್ಗ ಮತ್ತು ಭದ್ರಾವತಿ ಎರಡೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಸರ್ವೆ ಆಫ್ ಇಂಡಿಯಾದ ಹಳೆಯ ಎಣಿಕೆಯಲ್ಲಿ ಅದರ ಹೆಸರು 48ಒ/9, ಹೊಸ ಎಣಿಕೆಯಲ್ಲಿ ಡಿ43ಒ9. ಪೂರ್ವ ರೇಖಾಂಶ 75 ಡಿಗ್ರಿ 30 ಮಿನಿಟಿನಿಂದ 75 ಡಿಗ್ರಿ 45 ಮಿನಿಟಿನವರೆಗೆ, ಉತ್ತರ ಅಕ್ಷಾಂಶ 13 ಡಿಗ್ರಿ 45 ಮಿನಿಟಿನಿಂದ 14 ಡಿಗ್ರಿಯವರೆಗೆ ಅದರ ಹರವು. ಅಳತೆ ಐವತ್ತು ಸಾವಿರಕ್ಕೆ ಒಂದು. ಅಂದರೆ ಹಾಳೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಐವತ್ತು ಮೀಟರ್. ತುಂಗೆಯ ದಂಡೆಯಿಂದ ಭದ್ರೆಯ ದಂಡೆಗೆ ಹೋಗುವ ದಾರಿ ಇದರಲ್ಲಿ ಒಂದು ಅಡಿಗಿಂತ ತುಸು ಹೆಚ್ಚು.

ಈ ಸಾಲಿನ ನಕ್ಷೆಗಳನ್ನು 2017ರಿಂದ ಅಂತರ್ಜಾಲದಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಇಳಿಸಿಕೊಳ್ಳಬಹುದು. ನನ್ನ ಬಳಿ ಇದ್ದದ್ದು ಗೆಳೆಯನೊಬ್ಬ ಈ ಹಾಳೆಯನ್ನು ಭೂಮಿಯ ಮೇಲಿನ ಸ್ಥಾನಕ್ಕೆ ಹೊಂದಿಸಿ, ಆ ಮಾಹಿತಿಯನ್ನೂ ಒಳಗೆ ಸೇರಿಸಿ ಮಾಡಿಕೊಟ್ಟ ಪಿಡಿಎಫ್. ಇಂಥದ್ದನ್ನು ಜಿಯೋಪಿಡಿಎಫ್ ಅನ್ನುತ್ತಾರೆ. ತೆರೆದು ನೋಡಿದರೆ ಸಾಮಾನ್ಯ ಪಿಡಿಎಫ್‌ಗೂ ಇದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಚಿತ್ರದ ಜೊತೆಗೆ ಎರಡು ಸಂಗತಿಗಳು ಒಳಗೆ ಕೂತಿರುತ್ತವೆ ಅಷ್ಟೆ: ಪುಟದ ಯಾವ ಬಿಂದು ಭೂಮಿಯ ಯಾವ ಬಿಂದು ಎಂಬ ಹೊಂದಾಣಿಕೆ, ಮತ್ತು ಆ ಲೆಕ್ಕ ಯಾವ ಪದ್ಧತಿಯದು ಎಂಬ ಹೆಸರು. ಇದೇ ಫೈಲನ್ನು ಯಾರಾದರೂ ಪ್ರಿಂಟ್ ಮಾಡಿ ಸ್ಕ್ಯಾನ್ ಮಾಡಿದರೆ, ಇಲ್ಲವೇ ಚಿತ್ರವಾಗಿ ಬದಲಿಸಿ ಕಳಿಸಿದರೆ ಚಿತ್ರ ಉಳಿಯುತ್ತದೆ, ಈ ಎರಡು ಸಂಗತಿಗಳು ಹೋಗುತ್ತವೆ. ಇವೆಯೋ ಇಲ್ಲವೋ ಎಂದು ತಿಳಿಯಲು ಒಂದು ಸಾಲು ಸಾಕು:

```
gdalinfo D43O9.pdf
```

ಉತ್ತರದಲ್ಲಿ `Coordinate System is` ಎಂಬ ಸಾಲು, ಅದರ ಕೆಳಗೆ `Pixel Size` ಕಂಡರೆ ಮಾಹಿತಿ ಇದೆ. ಮೂಲೆಗಳ ಬೆಲೆ ಸೊನ್ನೆಯಿಂದ ಶುರುವಾಗಿ ಬರೀ ಚಿತ್ರದ ಚುಕ್ಕಿಗಳ ಎಣಿಕೆಯಾಗಿದ್ದರೆ ಅದು ಬರೀ ಚಿತ್ರ.

ಇದ್ದರೆ ಮುಂದಿನ ಕೆಲಸ ಸುಲಭ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದ ಕಿಟಕಿಗೆ ಫೈಲನ್ನು ಎಳೆದು ಬಿಟ್ಟರೆ ನಕ್ಷೆ ತನ್ನ ಜಾಗದಲ್ಲಿ ಬಂದು ಕೂರುತ್ತದೆ. ಬಲಗಡೆ ಕೆಳಮೂಲೆಯಲ್ಲಿ `EPSG:32643` ಎಂದು ಬರಬೇಕು. ಅದು ನಮ್ಮ ಭಾಗದ 43ನೇ ಯುಟಿಎಂ ವಲಯ, ಮೀಟರಿನ ಲೆಕ್ಕ. ಬೇಕಾದ ಜಾಗದ ಮೇಲೆ ಬಲಗುಂಡಿ ಒತ್ತಿ `Copy Coordinate` ಆರಿಸಿದರೆ ಮೀಟರಿನಲ್ಲೂ ಡಿಗ್ರಿಯಲ್ಲೂ ಅಂಕಿ ಸಿಗುತ್ತದೆ. ಶಿವಮೊಗ್ಗದ ಪೇಟೆ ಭಾಗ ಸುಮಾರು 13.93 ಉತ್ತರ, 75.57 ಪೂರ್ವ. ಎರಡನ್ನೂ ಅದಲುಬದಲು ಮಾಡಿ ಬರೆದರೆ ನಾರ್ವೆಗೂ ಉತ್ತರದ ತಣ್ಣನೆಯ ಸಮುದ್ರದಲ್ಲಿ ಬಿದ್ದಿರುತ್ತೀರಿ, ಆದ್ದರಿಂದ ಅದು ಬೇಗ ಗೊತ್ತಾಗುತ್ತದೆ.

ಬೇಗ ಗೊತ್ತಾಗದ್ದು ಬೇರೆ ಇದೆ. ಹಳೆಯ ಹಾಳೆಗಳು ಎವರೆಸ್ಟ್ ಗೋಳದ ಲೆಕ್ಕದಲ್ಲಿವೆ, ಮೊಬೈಲಿನ ಜಿಪಿಎಸ್ ಡಬ್ಲ್ಯುಜಿಎಸ್84ರ ಲೆಕ್ಕದಲ್ಲಿದೆ. ಒಂದನ್ನು ಇನ್ನೊಂದೆಂದು ತಿಳಿದರೆ ನಮ್ಮ ಭಾಗದಲ್ಲಿ ನೂರೈವತ್ತು, ಇನ್ನೂರು ಮೀಟರಿನಷ್ಟು ಸರಿದುಬಿಡುತ್ತದೆ. ಗಾಂಧಿ ಬಜಾರ್ ಹುಡುಕುತ್ತ ಹೋದವರು ಪಕ್ಕದ ಬೀದಿಯಲ್ಲಿ ನಿಂತಿರುತ್ತಾರೆ, ಅನುಮಾನವೂ ಬರುವುದಿಲ್ಲ. ಅದಕ್ಕೇ ಮೊದಲು ಹಾಳೆಯ ಚೌಕಟ್ಟಿನ ನಾಲ್ಕು ಮೂಲೆಗಳ ಮೇಲೆ ಒತ್ತಿ ನೋಡಬೇಕು. ಕೆಳಗಿನ ಎಡಮೂಲೆ 75.50, 13.75 ಎಂದೇ ಓದಬೇಕು. ಆಮೇಲೆ ನೆಲದ ಮೇಲೆ ಖಚಿತವಾಗಿ ಗೊತ್ತಿರುವ ಒಂದು ಸೇತುವೆಯನ್ನೋ ರೈಲು ಗೇಟನ್ನೋ ಜಿಪಿಎಸ್ ಜೊತೆ ಹೋಲಿಸಬೇಕು. ಮೂಲೆಗಳು ಸರಿಯಿದ್ದು ಸೇತುವೆ ಮಾತ್ರ ಅಷ್ಟು ದೂರ ಸರಿದಿದ್ದರೆ ಗೋಳದ ಹೆಸರು ತಪ್ಪಾಗಿದೆ ಎಂದೇ ಅರ್ಥ.

ಇಷ್ಟೆಲ್ಲ ಮಾಡಿ ಕೂತಿದ್ದಾಗ ನಮ್ಮ ಚಿಕ್ಕಪ್ಪ ಬಂದರು. ಗಾಂಧಿ ಬಜಾರಿನಲ್ಲಿ ನಮ್ಮ ಮನೆತನದ್ದೊಂದು ಅಂಗಡಿ. ಒಂಬತ್ತು ಅಡಿಯ ಬಾಗಿಲು, ಒಳಗೆ ಉದ್ದಕ್ಕೆ ಹೋಗುವ ಕೋಣೆ. ಅಣ್ಣತಮ್ಮಂದಿರ ಪಾಲುಪತ್ರ ಆಗಬೇಕಿತ್ತು, ಪಕ್ಕದ ಗೋಡೆ ಯಾರದು ಎಂಬ ತಕರಾರೂ ಇತ್ತು. ಪರದೆಯ ಮೇಲೆ ದಶಾಂಶದ ಮುಂದೆ ಆರು ಅಂಕಿ ಓಡುವುದನ್ನು ನೋಡಿ ಅವರ ಮುಖ ಅರಳಿತು.

“ನೋಡಪ್ಪ, ಈ ನಂಬರು ಪತ್ರದಲ್ಲಿ ಹಾಕಿಸಿಬಿಟ್ರೆ ಆಯ್ತಲ್ಲ. ಸರ್ಕಾರದ ನಕ್ಷೆ, ಯಾರು ಇಲ್ಲ ಅಂತಾರೆ?”

ಡಿಗ್ರಿಯಲ್ಲಿ ಆರನೇ ದಶಾಂಶ ಎಂದರೆ ಹನ್ನೊಂದು ಸೆಂಟಿಮೀಟರ್. ಗೋಡೆಯ ತಕರಾರು ತೀರಿಸಲು ಅಷ್ಟು ಸಾಕು. ಆದರೆ ಆ ಅಂಕಿಯನ್ನು ಕೊಡುತ್ತಿರುವುದು ತಂತ್ರಾಂಶ, ನಕ್ಷೆಯಲ್ಲ. ಮೌಸ್ ಎಲ್ಲಿದೆ ಎಂಬುದನ್ನು ಅದು ಎಷ್ಟು ಬೇಕಾದರೂ ಸೂಕ್ಷ್ಮವಾಗಿ ಲೆಕ್ಕ ಹಾಕುತ್ತದೆ. ಮೌಸಿನ ಕೆಳಗಿರುವ ಗೆರೆ ಎಷ್ಟು ಸೂಕ್ಷ್ಮ ಎಂಬುದು ಅದಕ್ಕೆ ಗೊತ್ತಿಲ್ಲ.

“ಚಿಕ್ಕಪ್ಪ, ಒಂದು ಕೆಲಸ ಮಾಡೋಣ,” ಅಂದೆ. ಬಜಾರಿನ ಹತ್ತಿರದ ಒಂದು ಕೂಡುರಸ್ತೆ ಆರಿಸಿ, ಅದರ ನಡುವೆ ಒತ್ತಲು ಅವರಿಗೆ ಹೇಳಿದೆ. ಆಮೇಲೆ ಅವರ ಮಗಳು ಒತ್ತಿದಳು, ಕೊನೆಗೆ ನಾನು. ಒಬ್ಬರದ್ದು ಇನ್ನೊಬ್ಬರು ನೋಡಲಿಲ್ಲ. ಪೂರ್ವದ ಅಂಕಿ ಮೂರು ಬಗೆ ಬಂತು: 561584, 561597, 561571. ಹೆಚ್ಚುಕಡಿಮೆ ಇಪ್ಪತ್ತಾರು ಮೀಟರ್. ಹಾಳೆಯ ಮೇಲೆ ಅದು ಅರ್ಧ ಮಿಲಿಮೀಟರ್, ಯಾರ ಕೈಯೂ ತಪ್ಪಿದ್ದಲ್ಲ. ಬಜಾರಿನಲ್ಲಿ ಅದೇ ಅರ್ಧ ಮಿಲಿಮೀಟರಿನೊಳಗೆ ಒಂಬತ್ತು ಅಡಿಯ ಬಾಗಿಲುಗಳು ಒಂಬತ್ತು ಹಿಡಿಯುತ್ತವೆ.

ಇನ್ನೂ ಹಿಗ್ಗಿಸಿ ನೋಡಿದರೆ ಎಂದು ತಂಗಿ ಕೇಳಿದಳು. ಪಿಡಿಎಫ್ ತೆರೆಯುವಾಗ ಸಾಮಾನ್ಯವಾಗಿ ಇಂಚಿಗೆ 150 ಚುಕ್ಕಿಯಂತೆ ಚಿತ್ರ ಆಗುತ್ತದೆ. ಈ ಅಳತೆಯಲ್ಲಿ ಒಂದು ಚುಕ್ಕಿ ಎಂಟೂವರೆ ಮೀಟರ್. ಅದನ್ನು ಹೆಚ್ಚಿಸಬಹುದು:

```
gdal_translate --config GDAL_PDF_DPI 300 D43O9.pdf D43O9.tif
```

ಈಗ ಚುಕ್ಕಿ ನಾಲ್ಕು ಮೀಟರ್ ಚಿಲ್ಲರೆಗೆ ಇಳಿಯಿತು. ಅಕ್ಷರಗಳು ಚೊಕ್ಕವಾದವು, ಗೆರೆಯ ಅಂಚು ನುಣುಪಾಯಿತು. ಆದರೆ ಅಂಗಡಿ ಕಾಣಿಸಲಿಲ್ಲ, ಕಾಣಿಸುವುದೂ ಇಲ್ಲ. ಒಂಬತ್ತು ಅಡಿ ಈ ಹಾಳೆಯಲ್ಲಿ ತಲೆಗೂದಲಿನಷ್ಟು ದಪ್ಪ. ಇಷ್ಟು ಒತ್ತಾಗಿ ಕಟ್ಟಿದ ಪೇಟೆಯನ್ನು ಈ ಅಳತೆಯಲ್ಲಿ ಒಂದೊಂದು ಅಂಗಡಿಯಾಗಿ ಬರೆಯಲಾಗದು, ಒಟ್ಟು ಗುಂಪಾಗಿ ತೋರಿಸುತ್ತಾರೆ. ರಸ್ತೆಯನ್ನೂ ಕಣ್ಣಿಗೆ ಕಾಣಲೆಂದು ನಿಜಕ್ಕಿಂತ ಅಗಲವಾಗಿ ಎಳೆಯುತ್ತಾರೆ. ಒಂದು ಮಿಲಿಮೀಟರ್ ಅಗಲದ ರಸ್ತೆ ನೆಲದ ಲೆಕ್ಕದಲ್ಲಿ ಐವತ್ತು ಮೀಟರ್ ಆಗುತ್ತದೆ. ಬಜಾರಿನಲ್ಲಿ ಅಷ್ಟಗಲದ ರಸ್ತೆ ಎಲ್ಲಿದೆ? ರಸ್ತೆ ಅಗಲವಾದಷ್ಟೂ ಇಕ್ಕೆಲದ ಕಟ್ಟಡಗಳು ಹಿಂದೆ ಸರಿಯಬೇಕಾಗುತ್ತದೆ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ಇದು ಯಾತಕ್ಕೆ?” ಅಂದರು.

ಪ್ರಶ್ನೆ ನ್ಯಾಯವಾದದ್ದೇ. ಭದ್ರಾವತಿ ಕಡೆಯ ಒಂದು ಕೆರೆ ಎಲ್ಲಿದೆ, ಅದರ ಏರಿಗೆ ಯಾವ ಕಾಲುದಾರಿ ಸೇರುತ್ತದೆ ಎಂದು ತಿಳಿಯಲು ಇದು ಸಾಕು. ಅಲ್ಲಿಂದ ಅಂಕಿ ಓದಿ ಮೊಬೈಲಿಗೆ ಹಾಕಿಕೊಂಡು ಹೊರಟರೆ ಇಪ್ಪತ್ತು ಮೂವತ್ತು ಮೀಟರ್ ಆಚೀಚೆ ಆದರೂ ಕೆರೆ ಕಣ್ಣಿಗೆ ಬೀಳುತ್ತದೆ. ಗೋಡೆ ಹಾಗಲ್ಲ. ಅಲ್ಲಿ ಒಂದು ಗೇಣೂ ಜಗಳ.

ಪಾಲುಪತ್ರಕ್ಕೆ ಕೊನೆಗೆ ಹೋದದ್ದು ಹಳೆಯ ಕ್ರಮವೇ: ಪೂರ್ವಕ್ಕೆ ಇಂಥವರ ಅಂಗಡಿ, ಪಶ್ಚಿಮಕ್ಕೆ ಇಂಥವರದು ಎಂದು ಚಕ್ಕುಬಂದಿ, ಎರಡೂ ಕಡೆಯವರ ಎದುರು ಟೇಪು ಹಿಡಿದು ಬರೆದ ಅಡಿ ಇಂಚು. ಅಂಗಡಿ ಯಾವ ಭಾಗದಲ್ಲಿದೆ ಎಂದು ತಿಳಿಸಲು ನನ್ನ ಟಿಪ್ಪಣಿ ಪುಸ್ತಕದಲ್ಲಿ ಡಿಗ್ರಿಯ ಅಂಕಿ ಬರೆದಿಟ್ಟಿದ್ದೇನೆ, ದಶಾಂಶದ ಮುಂದೆ ಮೂರೇ ಅಂಕಿ. ಮೂರನೆಯದು ನೂರಹತ್ತು ಮೀಟರಿನ ಲೆಕ್ಕ, ನಾಲ್ಕನೆಯದು ಹನ್ನೊಂದರದು. ಮೂವರ ಕೈ ಇಪ್ಪತ್ತಾರು ಮೀಟರಿನಷ್ಟು ಬೇರೆಯಾದ ಮೇಲೆ ನಾಲ್ಕನೆಯದನ್ನು ಬರೆಯಲು ಈ ಹಾಳೆಯಲ್ಲಿ ಆಧಾರವಿಲ್ಲ.